ಹಬೀಬಕ್ಕನ ನೂರ ನಲವತ್ತೆಂಟು

ಹಬೀಬಕ್ಕನ ಕಥೆ ಹೇಳುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕಿಂತ ಕೆಟ್ಟ ಗುಣ ಇನ್ನೊಂದಿದೆ: ಯಾರಿಗಾದರೂ ಒಳ್ಳೆಯದು ಮಾಡಬೇಕು ಅನ್ನಿಸಿದರೆ ಅವರನ್ನು ಒಂದು ಮಾತು ಕೇಳದೆ ಮಾಡಿಬಿಡುತ್ತೇನೆ. ನಮ್ಮಮ್ಮ ಚಿಕ್ಕಂದಿನಿಂದ ಬೈಯುತ್ತಲೇ ಬಂದರು. 'ನಿನ್ನ ಉಪಕಾರ ತಡಕೊಳ್ಳೋಕೆ ಗಟ್ಟಿ ಗುಂಡಿಗೆ ಬೇಕು ಕಣೇ ಮಮತಾ' ಅನ್ನುತ್ತಿದ್ದರು. ಆ ಮಾತಿನ ಅರ್ಥ ನನಗಾಗಿದ್ದು ಹೋದ ಏಪ್ರಿಲ್‌ನಲ್ಲಿ.

ಹೊಸಕೋಟೆಯ ನಮ್ಮ ಕಾಲೇಜಿನಲ್ಲಿ ನಾನು ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಉಮ್ಮೆ ಹಬೀಬಾ ಅಲ್ಲಿಯೇ ಲ್ಯಾಬ್ ಇನ್‌ಸ್ಟ್ರಕ್ಟರ್. ಎಂ.ಎಸ್ಸಿ. ಮಾಡಿದವರು, ನನಗಿಂತ ಒಂಬತ್ತು ವರ್ಷ ದೊಡ್ಡವರು, ನನಗಿಂತ ಹತ್ತು ಪಟ್ಟು ಬಲ್ಲವರು. ಆದರೂ ಹದಿನೆಂಟು ವರ್ಷದಿಂದ ಅವರ ಕೆಲಸ ಏನೆಂದರೆ ಮಿಕ್ಕವರ ಪ್ರಾಕ್ಟಿಕಲ್‌ಗೆ ದ್ರಾವಣ ಕಲಸಿಡುವುದು, ಹುಡುಗರು ಒಡೆದ ಪಿಪೆಟ್ ಲೆಕ್ಕ ಇಡುವುದು, ನಮ್ಮಂಥವರು ಬೋರ್ಡಿನ ಮೇಲೆ ತಪ್ಪು ಬರೆದಾಗ ಕೆಮ್ಮಿ ಎಚ್ಚರಿಸುವುದು. ನಾನು ಸೇರಿದ ಮೊದಲ ವಾರವೇ ಎರಡು ಸಲ ಕೆಮ್ಮಿದ್ದರು. ಮೂರನೇ ಸಲ ನಾನೇ ಹೋಗಿ, 'ಅಕ್ಕಾ, ಗಂಟಲು ಸರಿಯಿಲ್ವಾ?' ಎಂದು ಕೇಳಿದೆ. 'ಗಂಟಲು ಸರಿಯಾಗಿದೆ, ಬೋರ್ಡ್ ಮೇಲಿನ ನಿಮ್ಮ ಮೋಲಾರಿಟಿ ಲೆಕ್ಕ ಸರಿಯಿಲ್ಲ' ಎಂದರು. ಅವತ್ತಿನಿಂದ ಅವರು ನನಗೆ ಹಬೀಬಕ್ಕ.

ಓದು ಮುಗಿದ ಮೇಲೆ ಅವರು ಬೆಂಗಳೂರಿನ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಒಂದೂವರೆ ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದರು. ಪಿಎಚ್.ಡಿ.ಗೆ ಹೆಸರು ಕೊಡುವಷ್ಟರಲ್ಲಿ ಅಬ್ಬಾ ತೀರಿಕೊಂಡರು, ಅಮ್ಮಿ ಹಾಸಿಗೆ ಹಿಡಿದರು. ಅಣ್ಣ ಅನೀಸ್ ಅಹಮದ್‌ಗೆ ದಿನಾ ಕೋಲಾರದಲ್ಲಿ ಡ್ಯೂಟಿ. ಮನೆಗೆ ಹತ್ತಿರದ ಕೆಲಸ ಅಂತ ಈ ಕಾಲೇಜಿಗೆ ಬಂದರು. ಅಮ್ಮಿ ಹದಿನಾಲ್ಕು ವರ್ಷ ಬದುಕಿದರು. ಅದರ ಬಗ್ಗೆ ಹಬೀಬಕ್ಕ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ. ಆದರೆ ಆ ಸಂಸ್ಥೆಯ ಕೋಲ್ಡ್ ರೂಮಿನ ವಿಷಯ ಬಂದರೆ ಸಾಕು, ಮುಖವೇ ಬೇರೆಯಾಗುತ್ತಿತ್ತು.

'ಹೊರಗೆ ಬೇಸಿಗೆ ಇರೋದು ಮಮತಾ. ಒಳಗೆ ನಾಲ್ಕು ಡಿಗ್ರಿ. ಸ್ವೆಟರ್ ಹಾಕ್ಕೊಂಡು ಗಾಜಿನ ಕಾಲಂ ಪಕ್ಕ ಕೂತಿರ್ತಿದ್ದೆ. ಅದರಿಂದ ರಸ ಹನಿ ಹನಿಯಾಗಿ ಟ್ಯೂಬಿಗೆ ಬೀಳೋದು. ಯಾವ ಟ್ಯೂಬಲ್ಲಿ ಎನ್‌ಜೈಮ್ ಬರುತ್ತೋ ಯಾರಿಗೂ ಗೊತ್ತಿಲ್ಲ. ನಾನೇ ಮೊದ್ಲು ನೋಡ್ಬೇಕು. ಆ ಒಂದು ಗಳಿಗೆ ಇನ್ನೊಂದ್ಸಲ ಸಿಗಬೇಕು ಕಣೇ, ಅಷ್ಟೇ.'

ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ.

ಹೋದ ವರ್ಷ ಅದೇ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಆರು ತಿಂಗಳ ಫೆಲೋಶಿಪ್, ಅಲ್ಲೇ ಲ್ಯಾಬಿನಲ್ಲಿದ್ದು ಸ್ವಂತ ಕೆಲಸ ಮಾಡಬಹುದು. ನಮ್ಮ ಜಿಲ್ಲೆಯ ಭಾಗಕ್ಕೆ ಒಂದೇ ಸ್ಥಾನ. ವಯಸ್ಸು ನಲವತ್ತೈದು ತುಂಬಿರಬಾರದು. ಅರ್ಜಿಯ ಜೊತೆ ತಾವೇ ಮಾಡಿದ ಪ್ರಯೋಗದ ಫಲಿತಾಂಶ ಇರಬೇಕು. ಹಬೀಬಕ್ಕನಿಗೆ ಆಗ ನಲವತ್ತನಾಲ್ಕು, ಆಗಸ್ಟ್ ಬಂದರೆ ನಲವತ್ತೈದು. ಅಂದರೆ ಇದೇ ಮೊದಲು, ಇದೇ ಕೊನೆ. ಪ್ರಕಟಣೆಯನ್ನು ನಾನೇ ಓದಿ ತೋರಿಸಿದೆ. ಅವರು ಮೂರು ಸಲ ಓದಿ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, 'ಬದನೆಕಾಯಿ ಸಾಕಾಗುತ್ತಾ?' ಎಂದು ಕೇಳಿದರು.

ಬದನೆಕಾಯಿಯನ್ನು ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಅದಕ್ಕೇ ನಾವು ನೀರಿಗೆ ಹಾಕುತ್ತೇವಲ್ಲ, ಹಾಗೆ ಕಪ್ಪು ಮಾಡುವ ಒಂದು ಎನ್‌ಜೈಮ್ ಅದರೊಳಗಿದೆ. ಅದನ್ನು ಮಿಕ್ಕ ಪ್ರೋಟೀನುಗಳಿಂದ ಬೇರೆ ಮಾಡಿ ಶುದ್ಧ ಮಾಡಿ ತೋರಿಸುವುದು ಅವರ ಯೋಜನೆ. ದುಬಾರಿ ಸಾಮಾನು ಬೇಡ, ಬಣ್ಣ ಬಂದರೆ ಕಣ್ಣಿಗೇ ಕಾಣುತ್ತದೆ. ಸಮೇತನಹಳ್ಳಿಯ ರಾಮಾಂಜಿನಪ್ಪನವರ ತೋಟಕ್ಕೆ ಬೆಳಿಗ್ಗೆ ಏಳಕ್ಕೇ ಹೋಗಿ ಆಗತಾನೆ ಕಿತ್ತ ಬದನೆ ತರುತ್ತಿದ್ದೆವು. ಐಸ್ ತುಂಬಿದ ಡಬ್ಬಿಯಲ್ಲಿ ಬದನೆಕಾಯಿ ಇಡುವುದನ್ನು ನೋಡಿ ಆ ಯಜಮಾನರು ನಕ್ಕಿದ್ದೇ ನಕ್ಕಿದ್ದು.

'ಏನಮ್ಮಾ, ನಮ್ ಬದನೇಕಾಯ್ಗೆ ಇಷ್ಟೊಂದು ರಾಜೋಪಚಾರ! ಎಣ್ಣೆಗಾಯಿ ಮಾಡೋಕಲ್ವಾ?'

'ಇಲ್ಲಾ ಯಜಮಾನ್ರೇ, ಪರೀಕ್ಷೆ ಬರೆಸ್ತೀವಿ' ಎಂದರು ಹಬೀಬಕ್ಕ.

ಜನವರಿಯಿಂದ ಮಾರ್ಚ್‌ವರೆಗೆ ತರಗತಿ ಮುಗಿದ ಮೇಲೆ ಅದೇ ಕೆಲಸ. ತಣ್ಣನೆಯ ಬಫರ್ ದ್ರಾವಣ ಹಾಕಿ ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ರಸ ತೆಗೆಯುವುದು ಮೊದಲ ಹಂತ. ಆ ರಸಕ್ಕೆ ಅಮೋನಿಯಂ ಸಲ್ಫೇಟ್ ಎಂಬ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದರೆ ಬೇಕಾದ ಪ್ರೋಟೀನು ಗಸಿಯಾಗಿ ಕೆಳಗೆ ಕೂರುತ್ತದೆ. ಅದನ್ನು ಕರಗಿಸಿ, ಡಯಾಲಿಸಿಸ್ ಚೀಲಕ್ಕೆ ತುಂಬಿ, ಬಫರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪೂ ಮಿಕ್ಕ ಸಣ್ಣಪುಟ್ಟ ಅಣುಗಳೂ ಚೀಲದ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತವೆ, ದೊಡ್ಡ ಎನ್‌ಜೈಮು ಒಳಗೇ ಉಳಿಯುತ್ತದೆ. ಇದು ಎರಡನೆಯ ಹಂತ. ಮೂರನೆಯದು ಕಾಲಂ. ಗಾಜಿನ ಕೊಳವೆಗೆ ತುಂಬಿದ ಪುಡಿ ಪ್ರೋಟೀನುಗಳನ್ನು ಹಿಡಿದಿಟ್ಟುಕೊಂಡು, ಉಪ್ಪುನೀರು ಹೆಚ್ಚಿಸಿದಂತೆ ಒಂದೊಂದನ್ನಾಗಿ ಬಿಡುತ್ತದೆ.

ಪ್ರತಿ ಹಂತದಲ್ಲೂ ಏನು ಉಳಿಯಿತು, ಏನು ಹೋಯಿತು ಎಂದು ಬರೆದಿಡುವುದೇ ಶುದ್ಧೀಕರಣದ ಪಟ್ಟಿ. ಹಬೀಬಕ್ಕ ಅದನ್ನು ಹುಡುಗರಿಗೆ ಹೇಳಿಕೊಡುತ್ತಿದ್ದ ರೀತಿ ನನಗೆ ಈಗಲೂ ಬಾಯಿಪಾಠ.

'ರಾಗಿ ತೂರೋದು ನೋಡಿದ್ದೀರಾ? ಕಣದಲ್ಲಿ ಒಟ್ಟು ರಾಗಿ ಎಷ್ಟಿತ್ತೋ ಅದು ಟೋಟಲ್ ಆಕ್ಟಿವಿಟಿ. ಒಂದು ಎಂ.ಎಲ್.ನಲ್ಲಿ ಎಷ್ಟು ಯೂನಿಟ್ ಇದೆ, ಅಂದ್ರೆ ಎನ್‌ಜೈಮ್ ಎಷ್ಟು ಕೆಲಸ ಮಾಡುತ್ತೆ ನೋಡಿ, ಒಟ್ಟು ಎಷ್ಟು ಎಂ.ಎಲ್. ಇದೆಯೋ ಅದರಿಂದ ಗುಣಿಸಿ. ಹೊಟ್ಟು, ಕಲ್ಲು, ರಾಗಿ ಎಲ್ಲಾ ಸೇರಿ ಟೋಟಲ್ ಪ್ರೋಟೀನ್. ಮೊದಲನೇದನ್ನ ಎರಡನೇದ್ರಿಂದ ಭಾಗಿಸಿದ್ರೆ ಸ್ಪೆಸಿಫಿಕ್ ಆಕ್ಟಿವಿಟಿ, ಅಂದ್ರೆ ಒಂದು ಹಿಡಿಯಲ್ಲಿ ರಾಗಿ ಎಷ್ಟು ಅಂತ. ತೂರ್ತಾ ತೂರ್ತಾ ಆ ಹಿಡಿ ಚೊಕ್ಕ ಆಗ್ತಾ ಬರುತ್ತೆ. ಮೊದಲಿದ್ದಕ್ಕಿಂತ ಎಷ್ಟು ಪಟ್ಟು ಚೊಕ್ಕ ಆಯ್ತು ಅನ್ನೋದು ಫೋಲ್ಡ್. ಆದ್ರೆ ಗಾಳಿಗೆ ಸ್ವಲ್ಪ ರಾಗೀನೂ ಹಾರಿಹೋಗುತ್ತಲ್ಲಾ, ಕಣದಲ್ಲಿದ್ದ ನೂರರಲ್ಲಿ ಎಷ್ಟು ಉಳೀತು ಅನ್ನೋದು ಇಳುವರಿ. ಚೊಕ್ಕತನ ಏರ್ತಾ ಹೋಗುತ್ತೆ, ಇಳುವರಿ ಇಳೀತಾ ಹೋಗುತ್ತೆ.'

ಇಳುವರಿ ಇಳಿಯುತ್ತಾ ಹೋಗಬೇಕು. ಹಬೀಬಕ್ಕನ ಪಟ್ಟಿಯಲ್ಲಿ ಇಳಿಯಲಿಲ್ಲ.

ಬದನೆಯ ಮೊದಲ ರಸ ಮುನ್ನೂರು ಎಂ.ಎಲ್., ಒಂದೊಂದು ಎಂ.ಎಲ್.ನಲ್ಲಿ ನಲವತ್ತು ಯೂನಿಟ್. ಒಟ್ಟು ಹನ್ನೆರಡು ಸಾವಿರ ಯೂನಿಟ್. ಪ್ರೋಟೀನು ಸಾವಿರದ ಇನ್ನೂರು ಮಿಲಿಗ್ರಾಂ. ಹಾಗಾಗಿ ಮಿಲಿಗ್ರಾಂಗೆ ಹತ್ತು ಯೂನಿಟ್. ಇದು ನೂರಕ್ಕೆ ನೂರು, ಫೋಲ್ಡ್ ಒಂದು. ಉಪ್ಪು ಹಾಕಿ ಡಯಾಲಿಸಿಸ್ ಆದ ಮೇಲೆ ಉಳಿದದ್ದು ನಲವತ್ತು ಎಂ.ಎಲ್. ಪ್ರೋಟೀನು ಇನ್ನೂರ ತೊಂಬತ್ತಾರು ಮಿಲಿಗ್ರಾಂಗೆ ಇಳಿದಿತ್ತು, ಸರಿ. ಆದರೆ ಯೂನಿಟ್ ಹದಿನೇಳು ಸಾವಿರದ ಏಳುನೂರ ಅರವತ್ತಕ್ಕೆ ಏರಿತ್ತು! ಮಿಲಿಗ್ರಾಂಗೆ ಅರವತ್ತು ಯೂನಿಟ್, ಫೋಲ್ಡ್ ಆರು, ಇಳುವರಿ ನೂರ ನಲವತ್ತೆಂಟು. ಕಾಲಂ ಆದ ಮೇಲೆ ನಲವತ್ತೆಂಟು ಮಿಲಿಗ್ರಾಂ ಪ್ರೋಟೀನಿನಲ್ಲಿ ಒಂಬತ್ತು ಸಾವಿರದ ಆರುನೂರು ಯೂನಿಟ್. ಇಳುವರಿ ಎಂಬತ್ತು, ಫೋಲ್ಡ್ ಇಪ್ಪತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಆದಿನಾರಾಯಣಪ್ಪ ಸರ್. ಒಳ್ಳೆಯವರೇ, ಆದರೆ ಬಾಯಿ ಬೊಂಬಾಯಿ. ಪಟ್ಟಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

'ಏನ್ರೀ ಇದು ಹಬೀಬಾ? ಒಂದು ಸೇರು ಹಾಲು ಕಾಯ್ಸಿ ಒಂದೂವರೆ ಸೇರು ತುಪ್ಪ ತೆಗ್ದಂಗಾಯ್ತು! ಇದನ್ನ ಅಲ್ಲಿ ಕಳ್ಸಿದ್ರೆ ಮೊದಲನೇ ಸುತ್ತಲ್ಲೇ ಬಿಸಾಕ್ತಾರೆ. ಡೈಲ್ಯೂಷನ್ ಲೆಕ್ಕ ತಪ್ಪಿರ್ಬೇಕು ನೋಡಿ.'

ಹಬೀಬಕ್ಕ ವಾದಿಸಲಿಲ್ಲ. ಮತ್ತೆ ಸಮೇತನಹಳ್ಳಿಗೆ ಹೋಗಿ ಬದನೆ ತಂದು ಮೊದಲಿಂದ ಮಾಡಿದರು. ಈ ಸಲ ನೂರ ನಲವತ್ತಾರು. ಇನ್ನೊಂದು ಸಲ ಮಾಡಿದರು, ನೂರ ಐವತ್ತೊಂದು. ಆಮೇಲೆ ಮೊದಲ ರಸವನ್ನೇ ತೆಗೆದುಕೊಂಡು, ಉಪ್ಪು ಗಿಪ್ಪು ಏನೂ ಹಾಕದೆ ಬರೀ ಡಯಾಲಿಸಿಸ್ ಮಾಡಿದರು. ಯೂನಿಟ್ ಏರಿತು. ಕೊನೆಗೆ ಇನ್ನೊಂದಿಷ್ಟು ರಸವನ್ನು ಚೆನ್ನಾಗಿ ಕುದಿಸಿದರು. ಕುದಿಸಿದರೆ ಎನ್‌ಜೈಮು ಸತ್ತುಹೋಗುತ್ತದೆ. ಆ ಸತ್ತ ರಸವನ್ನು ಸೋಸಿ ಎರಡನೆಯ ಹಂತದ ಎನ್‌ಜೈಮಿಗೆ ಸ್ವಲ್ಪ ಸೇರಿಸಿದರು. ಬಣ್ಣ ಬರಿಸುವ ರಾಸಾಯನಿಕ ಹಾಕಿದ ಮೇಲೆ, ಪಕ್ಕದ ಟ್ಯೂಬಿನಲ್ಲಿ ಬರೀ ಬಫರ್ ಸೇರಿಸಿದ ಎನ್‌ಜೈಮು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿತು. ರಸ ಸೇರಿಸಿದ್ದು ತಿರುಗಲೋ ಬೇಡವೋ ಎಂಬಂತೆ ಹಾಗೇ ಕೂತಿತ್ತು.

'ನೋಡು ಮಮತಾ, ನೋಡು!' ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದರು. 'ಬದನೇಕಾಯೊಳಗೇ ಇದನ್ನ ತಡೆಯೋ ಏನೋ ಇದೆ. ಸಣ್ಣದು, ಕುದಿಸಿದ್ರೂ ಸಾಯಲ್ಲ, ಚೀಲದಿಂದ ಆಚೆ ಹೋಗಿಬಿಡುತ್ತೆ. ಮೊದಲನೇ ರಸದಲ್ಲಿ ಎನ್‌ಜೈಮ್ ಕೈ ಕಟ್ಟಿಹಾಕಿತ್ತು. ನಾವು ಹನ್ನೆರಡು ಸಾವಿರ ಅಂತ ಬರ್ಕೊಂಡಿದ್ದೇ ಕಮ್ಮಿ. ಅದಕ್ಕೇ ನೂರು ದಾಟಿರೋದು! ಅದೇನು ಅಂತ ಕಂಡುಹಿಡೀಬೇಕು. ಅದಕ್ಕೆ ಬೇಕಾದ ಮೆಷೀನು ಅಲ್ಲಿದೆ ಕಣೇ, ಅಲ್ಲಿದೆ.'

ಹದಿನೆಂಟು ವರ್ಷದ ಆಸೆಯೆಲ್ಲ ಆ 'ಅಲ್ಲಿದೆ'ಯೊಳಗಿತ್ತು. ನಾನು ಹೌದು ಹೌದು ಎಂದೆ. ನಿಜ ಹೇಳುತ್ತೇನೆ, ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಕಿವಿಯಲ್ಲಿ ಆದಿನಾರಾಯಣಪ್ಪ ಸರ್ ಹೇಳಿದ ತುಪ್ಪವೇ ಇತ್ತು.

ಅರ್ಜಿ ಕಳಿಸುವ ಕೊನೆಯ ದಿನವೇ ನಮ್ಮಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬಿತ್ತು. ಹೊರಗಿನಿಂದ ಪರೀಕ್ಷಕರು ಬಂದಿದ್ದರು, ಹಬೀಬಕ್ಕ ಲ್ಯಾಬ್ ಬಿಟ್ಟು ಅಲ್ಲಾಡುವಂತಿರಲಿಲ್ಲ. ಅರ್ಜಿಯ ಮಿಕ್ಕೆಲ್ಲ ಸಿದ್ಧವಿತ್ತು, ಪಟ್ಟಿ ಮಾತ್ರ ಅವರ ಕೈಬರಹದಲ್ಲಿತ್ತು. ಅದನ್ನು ನನ್ನ ಕೈಗಿಟ್ಟು, 'ಟೈಪ್ ಮಾಡಿ ಕಳಿಸಿಬಿಡು, ಐದು ಗಂಟೆಯೊಳಗೆ' ಎಂದರು. ಪಟ್ಟಿಯ ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ ಇತ್ತು: ಎರಡನೆಯ ಹಂತದಲ್ಲಿ ಇಳುವರಿ ನೂರು ದಾಟಿರುವುದು ಏಕೆ, ಅದಕ್ಕೆ ಮಾಡಿದ ಪ್ರಯೋಗ ಯಾವುದು ಎಂದು.

ನಾನು ಸ್ಟಾಫ್ ರೂಮಿನಲ್ಲಿ ಕೂತು ಟೈಪ್ ಮಾಡಿದೆ. ನೂರ ನಲವತ್ತೆಂಟು ಎಂದು ಒತ್ತಿದ ಮೇಲೆ ಕೈ ನಿಂತಿತು. ಮೊದಲನೇ ಸುತ್ತಲ್ಲೇ ಬಿಸಾಕುತ್ತಾರೆ. ಓದುವವರು ಟಿಪ್ಪಣಿಯವರೆಗೆ ಬಂದರೆ ತಾನೆ? ಈ ಒಂದು ಅಂಕಿಯಿಂದ ಅಕ್ಕನ ಅವಕಾಶ ಹಾಳಾಗಬೇಕಾ? ನೂರ ನಲವತ್ತೆಂಟನ್ನು ಅಳಿಸಿ ಎಂಬತ್ತನಾಲ್ಕು ಮಾಡಿದೆ. ನೂರು, ಎಂಬತ್ತನಾಲ್ಕು, ಎಂಬತ್ತು. ಎಷ್ಟು ಚೆನ್ನಾಗಿ ಇಳಿಯುತ್ತದೆ! ಹನ್ನೆರಡು ಸಾವಿರದಲ್ಲಿ ಎಂಬತ್ತನಾಲ್ಕು ಪಾಲು ಎಂದರೆ ಹತ್ತು ಸಾವಿರದ ಎಂಬತ್ತು. ಹದಿನೇಳು ಸಾವಿರದ ಏಳುನೂರ ಅರವತ್ತನ್ನು ಅಳಿಸಿ ಅದನ್ನು ಹಾಕಿದೆ. ಟಿಪ್ಪಣಿ ಬಿಟ್ಟುಬಿಟ್ಟೆ. ನಾಲ್ಕೂವರೆಗೆ ಮೇಲ್ ಹೋಯಿತು. ದೊಡ್ಡ ಪುಣ್ಯದ ಕೆಲಸ ಮಾಡಿದವಳ ಹಾಗೆ ಕಾಫಿ ಕುಡಿದು, ಲ್ಯಾಬಿಗೆ ಹೋಗಿ 'ಕಳಿಸ್ದೆ ಅಕ್ಕಾ' ಎಂದೆ. ಅವರು ಪರೀಕ್ಷಕರ ಬೆನ್ನ ಹಿಂದಿನಿಂದಲೇ ನನಗೆ ಕೈ ಮುಗಿದರು.

ಏಪ್ರಿಲ್ ಎರಡನೆಯ ವಾರ ಸಂದರ್ಶನಕ್ಕೆ ಕರೆ ಬಂತು. ನೋಡಿದೆಯಾ, ನನ್ನ ಕೈಚಳಕ ಕೆಲಸ ಮಾಡಿತು ಎಂದು ಒಳಗೊಳಗೇ ಬೀಗಿದೆ. ಜೊತೆಗೆ ನಾನೂ ಹೊರಟೆ. ಹಳೇ ಮದ್ರಾಸ್ ರಸ್ತೆಯ ಉದ್ದಕ್ಕೂ ಹಬೀಬಕ್ಕ ಕಿಟಕಿಯ ಪಕ್ಕ ಕೂತು ಹುಡುಗಿಯ ಹಾಗೆ ಮಾತಾಡಿದರು. ಆ ಸಂಸ್ಥೆಯ ಗೇಟಿನೊಳಗೆ ಕಾಲಿಟ್ಟಾಗ ತಲೆಯೆತ್ತಿ ನೋಡಿದರು. 'ಆ ಕಡೆಯ ಕಟ್ಟಡ. ಎರಡನೇ ಮಹಡಿ' ಎಂದು ಬೆರಳು ತೋರಿಸಿದರು. ಕಣ್ಣು ತುಂಬಿತ್ತು.

ನಾನು ಹೊರಗೆ ಕಲ್ಲುಬೆಂಚಿನ ಮೇಲೆ ಕಾದೆ. ಅವರು ಇಪ್ಪತ್ತು ನಿಮಿಷಕ್ಕೇ ಆಚೆ ಬಂದರು. 'ಬಾ, ಬಸ್ಸು ಸಿಗುತ್ತೆ' ಎಂದರು, ಅಷ್ಟೇ. ಕೆ.ಆರ್. ಪುರ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

'ಮೂರು ಜನ ಇದ್ರು. ಮಧ್ಯದಲ್ಲಿ ಒಬ್ಬ ವಯಸ್ಸಾದ ಮೇಡಂ. ನಮ್ಮ ಪಟ್ಟೀನ ಮುಂದೆ ಇಟ್ಕೊಂಡು ಪೆನ್ಸಿಲ್‌ನಲ್ಲಿ ಭಾಗಾಕಾರ ಮಾಡ್ತಿದ್ರು. "ಹತ್ತು ಸಾವಿರದ ಎಂಬತ್ತನ್ನ ಇನ್ನೂರ ತೊಂಬತ್ತಾರಿಂದ ಭಾಗಿಸಿದ್ರೆ ಮೂವತ್ನಾಲ್ಕು ಬರುತ್ತೆ. ನೀವು ಅರವತ್ತು ಅಂತ ಹಾಕಿದ್ದೀರಿ. ಫೋಲ್ಡೂ ಮೂರೂವರೆ ಹತ್ರ ಬರಬೇಕು, ಆರು ಅಂತಿದೆ. ಯಾವುದು ನಿಜ?" ಅಂದ್ರು. ನಂಗೆ ಅರ್ಥಾನೇ ಆಗ್ಲಿಲ್ಲ ಮಮತಾ. ಹತ್ತು ಸಾವಿರದ ಎಂಬತ್ತು ಯಾರ ಸಂಖ್ಯೆ ಅಂತ.'

ಆ ಪಟ್ಟಿಯ ಅಂಕಿಗಳು ಒಂದರ ಕೈ ಒಂದು ಹಿಡಿದು ನಿಂತಿರುತ್ತವೆ ಎಂದು ನಾನೇ ವರ್ಷಾ ವರ್ಷಾ ಹುಡುಗರಿಗೆ ಪಾಠ ಮಾಡುತ್ತೇನೆ. ಎರಡು ಅಂಕಿ ಬದಲಾಯಿಸಿ, ಪಕ್ಕದ ಅರವತ್ತನ್ನೂ ಆರನ್ನೂ ಹಾಗೇ ಬಿಟ್ಟಿದ್ದೆ. ನನ್ನ ಕಣ್ಣು ಇಳುವರಿಯ ಮೇಲೆ ಮಾತ್ರ ಇತ್ತು.

'ನೋಟ್‌ಬುಕ್ ತೆಗೆದು ತೋರಿಸ್ದೆ' ಎಂದರು ಹಬೀಬಕ್ಕ. 'ಮೂರು ಸಲ ಮಾಡಿದ್ದು, ಡಯಾಲಿಸಿಸ್ಸು, ಕುದಿಸಿದ ರಸ, ಎಲ್ಲಾ. ಆ ಮೇಡಂ ಒಂದೊಂದು ಪುಟಾನೂ ನಿಧಾನವಾಗಿ ಓದಿದ್ರು. ಆಮೇಲೆ, "ನೋಟ್‌ಬುಕ್ ಒಂದು ಹೇಳುತ್ತೆ, ಕಳಿಸಿರೋದು ಇನ್ನೊಂದು. ಬದಲಾಯಿಸಿದ್ದು ಯಾರು?" ಅಂದ್ರು.'

'ನನ್ನ ಹೆಸರು ಹೇಳ್ಬೇಕಿತ್ತು ಅಕ್ಕಾ!'

'ಅರ್ಜಿ ನನ್ನ ಹೆಸರಲ್ಲಿ ಬಂದಿದೆ, ಹೊಣೆ ನಂದೇ ಅಂದೆ. ಇನ್ನೇನು ಹೇಳ್ಲಿ? ಅಲ್ಲಿ ನಿನ್ನ ಹೆಸರು ಒಂದ್ಸಲ ಬಿದ್ರೆ ಅಳಿಸೋಕಾಗುತ್ತಾ?' ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದರು. 'ಎದ್ದು ಬರೋವಾಗ ಆ ಮೇಡಂ ಹೇಳಿದ್ರು, "ನೀವು ನೂರ ನಲವತ್ತೆಂಟನ್ನೇ ಕಳಿಸಿದ್ದಿದ್ರೆ ಈ ಇಪ್ಪತ್ತು ನಿಮಿಷ ನಾವು ಅದರ ಬಗ್ಗೇನೇ ಮಾತಾಡ್ತಿದ್ವಿ" ಅಂತ.'

ಅಯ್ಯೋ ದೇವರೇ, ಬಸ್ಸಿನ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಹೊಸಕೋಟೆ ಬಂದಾಗ ಇಬ್ಬರೂ ಇಳಿದು ಬೇರೆ ಬೇರೆ ದಾರಿ ಹಿಡಿದೆವು.

ಆಯ್ಕೆಯಾಗಿಲ್ಲ ಎಂಬ ಪತ್ರ ಶುಕ್ರವಾರ ಬಂತು. ನಾನು ಅವತ್ತೇ ಕೂತು ಆ ಸಂಸ್ಥೆಗೆ ಬರೆದೆ. ತಪ್ಪು ನನ್ನದು, ಅಂಕಿ ತಿದ್ದಿದ್ದು ನಾನು, ಅವರಿಗೆ ಗೊತ್ತೇ ಇರಲಿಲ್ಲ, ಇಗೋ ಮೂಲ ಪಟ್ಟಿ ಮತ್ತು ಟಿಪ್ಪಣಿ ಎಂದು. ಮರ್ಯಾದೆಯ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ಸ್ಥಾನವನ್ನು ಈಗಾಗಲೇ ಬೇರೊಬ್ಬರಿಗೆ ಕೊಟ್ಟಾಗಿದೆ, ಉಮ್ಮೆ ಹಬೀಬಾ ಅವರು ಮುಂದಿನ ವರ್ಷ ದಯವಿಟ್ಟು ಅರ್ಜಿ ಹಾಕಲಿ. ಮುಂದಿನ ವರ್ಷ! ಆಗಸ್ಟ್ ಅನ್ನುವ ತಿಂಗಳೊಂದು ನಡುವೆ ಇದೆ ಎಂದು ಅವರಿಗೇನು ಗೊತ್ತು.

ಆ ಉತ್ತರ ಹಿಡಿದು ಲ್ಯಾಬಿಗೆ ಹೋದೆ. ರಜೆ ಶುರುವಾಗಿ ಹುಡುಗರು ಯಾರೂ ಇರಲಿಲ್ಲ. ಹಬೀಬಕ್ಕ ಫ್ರಿಜ್ಜಿನಿಂದ ಹಳೆಯ ಟ್ಯೂಬುಗಳನ್ನು ತೆಗೆದು ತೊಳೆಯುತ್ತಿದ್ದರು. ಉತ್ತರ ಓದಿ ನನಗೆ ವಾಪಸು ಕೊಟ್ಟರು. ನಾನು ಅತ್ತುಬಿಟ್ಟೆ.

'ಬೈದುಬಿಡಿ ಅಕ್ಕಾ. ಎರಡೇಟು ಹಾಕಿ. ನಿಮ್ಮ ಸೀಟು ನಾನೇ ಕಿತ್ಕೊಂಡೆ.'

'ಸೀಟು ಬಿಡು' ಎಂದರು. ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು. 'ಸೀಟು ಸಿಗದೇ ಇರೋದು ನಂಗೆ ಹೊಸದಲ್ಲ. ಇಷ್ಟು ವರ್ಷ ಬೇರೆಯವರು ಕಂಡುಹಿಡಿದಿದ್ದನ್ನ ಹುಡುಗರಿಗೆ ಕಲಸಿ ಕಲಸಿ ಕೊಟ್ಟಿದ್ದೀನಿ. ನಾನಾಗಿ ಕಂಡಿದ್ದು ಅಂದ್ರೆ ಆ ನೂರ ನಲವತ್ತೆಂಟು ಒಂದೇ ಕಣೇ. ಅವತ್ತು ನಿನ್ನ ಕೈ ಹಿಡಿದು ನೋಡು ನೋಡು ಅಂದಾಗ ಹೌದು ಹೌದು ಅಂದೆಯಲ್ಲಾ, ನೀನಾದ್ರೂ ನಂಬಿದ್ದೀಯ ಅಂದ್ಕೊಂಡಿದ್ದೆ.'

ಅವರು ಎದ್ದು, ನಲ್ಲಿ ತಿರುಗಿಸಿ, ಉಳಿದ ಟ್ಯೂಬುಗಳನ್ನು ತೊಳೆಯತೊಡಗಿದರು.